ಹಾಲು ನೀರಾಗುತ್ತಿರುವ ಬಗ್ಗೆ ದೂರು ಮತ್ತು ಮನವಿ

ಮೈಸೂರು
12 ಆಗಸ್ಟ್ 2024

ಹಾಲಿನ ಯಜಮಾನರಿಗೆ,

ನಮಸ್ಕಾರ. ನಾನು ವಿಜಯನಗರ ನಾಲ್ಕನೇ ಹಂತದ ಅಪಾರ್ಟ್‌ಮೆಂಟಿನ 304ನೇ ಮನೆಯವಳು. 2020ರಿಂದ ನಮ್ಮ ಮನೆಗೆ ನಿಮ್ಮ ಹಾಲೇ. ಲಾಕ್‌ಡೌನಿನಲ್ಲಿ ಊರೆಲ್ಲ ಬಾಗಿಲು ಹಾಕಿದ್ದಾಗಲೂ ನೀವು ಒಂದು ದಿನ ತಪ್ಪಿಸಲಿಲ್ಲ. ಆ ಋಣ ನನಗೆ ನೆನಪಿದೆ. ಅದಕ್ಕೇ ಹೇಳದೆ ಕೇಳದೆ ಹಾಲು ನಿಲ್ಲಿಸುವ ಬದಲು ನಿಮಗೇ ಬರೆಯುತ್ತಿದ್ದೇನೆ.

ಜುಲೈ 22ರಿಂದ ಬರುತ್ತಿರುವ ಹಾಲು ತೀರಾ ನೀರಾಗಿದೆ. ಮೊದಲು ರಾತ್ರಿ ಕಾಯಿಸಿಟ್ಟರೆ ಬೆಳಿಗ್ಗೆ ಕೆನೆ ದೋಸೆಯಂತೆ ಇಡಿಯಾಗಿ ಸೌಟಿಗೆ ಬರುತ್ತಿತ್ತು. ಈಗ ಸೌಟು ತಾಗಿಸಿದರೆ ಹರಿದುಹೋಗುತ್ತದೆ. ಹೆಪ್ಪು ಹಾಕಿದ ಮೊಸರಿನ ಮೇಲೆ ಒಂದು ಬೆರಳು ನೀರು ನಿಂತಿರುತ್ತದೆ. ವಾರದ ಕೆನೆ ಕಡೆದರೆ ದೊಡ್ಡ ನಿಂಬೆಹಣ್ಣಿನಷ್ಟು ಬೆಣ್ಣೆಯೂ ಬರುತ್ತಿಲ್ಲ. ಡಿಕಾಕ್ಷನ್‌ಗೆ ಎಷ್ಟು ಹಾಲು ಸುರಿದರೂ ಕಾಫಿ ಕಪ್ಪಗೇ ಉಳಿಯುತ್ತದೆ. ನಮ್ಮ ಅತ್ತೆಯವರಿಗೆ ಎಂಬತ್ತೆರಡು ವರ್ಷ, ರಾತ್ರಿ ಊಟದ ಬದಲು ಒಂದು ಲೋಟ ಹಾಲು ಕುಡಿದು ಮಲಗುವವರು. ಮೊನ್ನೆ ಲೋಟ ಕೆಳಗಿಟ್ಟು, "ಇದೇನಮ್ಮಾ, ಪಾತ್ರೆ ತೊಳೆದ ನೀರು ಕೊಟ್ಟೆಯಾ?" ಎಂದು ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂತು.

ಹಾಲು ತರುವ ಹುಡುಗನನ್ನು ಕೇಳಿದೆ. "ಮಳೆಗಾಲ ಅಲ್ವಾಮ್ಮ, ಹಸಿ ಹುಲ್ಲು ತಿಂದ್ರೆ ಹಾಲು ತೆಳ್ಳಗಾಗುತ್ತೆ" ಅಂದ. ನಾನೂ ಹಸು ಕಟ್ಟಿದ ಮನೆಯಲ್ಲೇ ಬೆಳೆದವಳು. ಹಸಿ ಹುಲ್ಲಿನ ಕಾಲಕ್ಕೆ ಜಿಡ್ಡು ಸ್ವಲ್ಪ ಇಳಿಯುತ್ತದೆ, ಈಚೆಗೆ ಕರು ಹಾಕಿದ ಹಸುವಿನ ಹಾಲೂ ತೆಳುವೇ. ಆದರೆ ಇಷ್ಟು ಇಳಿಯುವುದಿಲ್ಲ. ಇನ್ನೊಂದು ದಿನ, ಕೆನೆಯೆಲ್ಲ ಕ್ಯಾನಿನ ಮೇಲೆ ತೇಲಿ ಮೊದಲ ಮನೆಗಳಿಗೇ ಹೋಗಿಬಿಡುತ್ತದೆ, ಮೂರನೇ ಮಹಡಿಗೆ ಬರುವ ಹೊತ್ತಿಗೆ ತಳದ ಹಾಲು ಉಳಿದಿರುತ್ತದೆ ಅಂದ. ಅದೂ ಇರಬಹುದೆಂದು ಒಂದು ಲ್ಯಾಕ್ಟೋಮೀಟರ್ ತಂದೆ. ಆಗಸ್ಟ್ 9, 10, 11, ಮೂರು ದಿನವೂ ಬಂದ ಹಾಲನ್ನು ಚೆನ್ನಾಗಿ ಕಲಕಿ, ಬಿಸಿ ಆರಿದ ಮೇಲೆ ಅಳೆದೆ. 22, 23, 22 ಬಂತು. ಒಳ್ಳೆಯ ಹಸುವಿನ ಹಾಲು 28ರಿಂದ 30ರ ಆಸುಪಾಸು ಇರಬೇಕು. ಬರೀ ಕೆನೆ ಹೋಗಿದ್ದರೆ ಈ ಅಂಕಿ ಮೇಲೇರಬೇಕಿತ್ತು, ಯಾಕೆಂದರೆ ಜಿಡ್ಡು ಹಗುರ. ಇಳಿದಿದೆ ಅಂದರೆ ಸೇರಿರುವುದು ನೀರೇ. ನನ್ನ ಲೆಕ್ಕದಲ್ಲಿ ನಾಲ್ಕು ಲೋಟದಲ್ಲಿ ಹತ್ತಿರ ಹತ್ತಿರ ಒಂದು ಲೋಟ. 203 ಮತ್ತು 402ರವರ ಹಾಲನ್ನೂ ಅಳೆದು ನೋಡಿದೆವು, ಹೆಚ್ಚು ಕಡಿಮೆ ಅಷ್ಟೇ. ಸ್ಟೀಲ್ ತಟ್ಟೆಯನ್ನು ವಾರೆಯಾಗಿ ಹಿಡಿದು ಒಂದು ಹನಿ ಬಿಟ್ಟರೆ ಬಿಳಿ ಗೆರೆ ಉಳಿಸದೆ ಸರ್ರನೆ ಜಾರಿಹೋಗುತ್ತದೆ. ನೀವೇ ಒಮ್ಮೆ ಮಾಡಿ ನೋಡಿ.

ನೀವೇ ಬೆರೆಸುತ್ತೀರಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಕೊಟ್ಟಿಗೆಯಿಂದ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲೋ ಬೆರೆಯುತ್ತಿದೆ. ಎಲ್ಲಿ ಎಂದು ಹುಡುಕಬೇಕಾದವರು ನೀವು. ದುಡ್ಡಿಗಿಂತ ನನಗೆ ಹೆಚ್ಚು ಭಯ ಆ ನೀರಿನದು. ಈ ಮಳೆಯಲ್ಲಿ ಅದು ಯಾವ ನಲ್ಲಿಯದೋ, ಯಾವ ತೊಟ್ಟಿಯದೋ ಯಾರಿಗೆ ಗೊತ್ತು? 402ರಲ್ಲಿ ಎರಡು ವರ್ಷದ ಮಗು ಇದೇ ಹಾಲು ಕುಡಿಯುತ್ತದೆ.

ಹಾಗಾಗಿ ದಯವಿಟ್ಟು ನಾಳೆಯಿಂದಲೇ ಮೊದಲಿನಂಥ ಹಾಲು ಕಳಿಸಿ. ಬುಧವಾರ ಬೆಳಿಗ್ಗೆ ಹುಡುಗನ ಜೊತೆ ನೀವೂ ಬನ್ನಿ, ಕ್ಯಾನನ್ನು ಕಲಕಿಸಿ ನಮ್ಮೆಲ್ಲರ ಮುಂದೆ ಅಳೆದುಬಿಡೋಣ. ಜುಲೈ 22ರಿಂದ ನಿನ್ನೆಯವರೆಗೆ 21 ದಿನಕ್ಕೆ ನಾನು ತೆಗೆದುಕೊಂಡದ್ದು 42 ಲೀಟರ್. ಅದರಲ್ಲಿ ಕಾಲು ಭಾಗ ನೀರು, ಅಂದರೆ ಹತ್ತೂವರೆ ಲೀಟರ್. ಲೀಟರಿಗೆ 60ರಂತೆ 630 ರೂಪಾಯಿಯನ್ನು ಈ ತಿಂಗಳ ಲೆಕ್ಕದಲ್ಲಿ ಮುರಿದುಕೊಳ್ಳಿ. ಹಿಂಡಿ, ಬೂಸಾದ ಬೆಲೆ ಏರಿರುವುದು ನನಗೂ ಗೊತ್ತು. ಕಟ್ಟುತ್ತಿಲ್ಲವಾದರೆ ಲೀಟರಿಗೆ ಮೂರು ರೂಪಾಯಿ ಜಾಸ್ತಿ ಕೇಳಿ, ಸಂತೋಷವಾಗಿ ಕೊಡುತ್ತೇನೆ. ಡೇರಿಗೆ ಹಾಕಿದರೂ ಫ್ಯಾಟು, ಎಸ್‌ಎನ್‌ಎಫ್ ನೋಡಿಯೇ ದುಡ್ಡು ಕೊಡುತ್ತಾರಲ್ಲವೇ? ನಾವು ಕೇಳುತ್ತಿರುವುದೂ ಅಷ್ಟೇ.

ಇದು ಸರಿಹೋಗದಿದ್ದರೆ ಸೆಪ್ಟೆಂಬರ್ 1ರಿಂದ ನಮ್ಮ ಮೂರೂ ಮನೆಯವರು ಪ್ಯಾಕೆಟ್ ಹಾಲಿಗೆ ಹೋಗುತ್ತೇವೆ. ಹಾಗಾಗುವುದು ನನಗೆ ಇಷ್ಟವಿಲ್ಲ.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಪಾಯಸಕ್ಕೂ ಅಭಿಷೇಕಕ್ಕೂ ನಿಮ್ಮ ಹಾಲೇ ಬೇಕು. ಗುರುವಾರ ಸಂಜೆ ಎರಡು ಲೀಟರ್ ಹೆಚ್ಚಿಗೆ ಕಳಿಸಿ.

ಇಂತಿ,
ಸುಮಿತ್ರಾ
ಮನೆ ನಂ. 304, ಮೂರನೇ ಮಹಡಿ