ಸರಾಸರಿ, ಮಧ್ಯಾಂಕ, ಓರೆತನ: ಪ್ಲಸ್ ವನ್ ಅರ್ಥಶಾಸ್ತ್ರಕ್ಕೆ ಅಭ್ಯಾಸ ಪ್ರಶ್ನೆಗಳು, ಉತ್ತರ ಸಹಿತ

ಬದಿಯಡ್ಕದ ಬಳಿ ಒಂದೇ ದಾರಿಯಲ್ಲಿ ಒಂಬತ್ತು ಮನೆಗಳಿವೆ ಎಂದುಕೊಳ್ಳಿ. ಅವುಗಳ ತಿಂಗಳ ಆದಾಯ, ರೂಪಾಯಿಗಳಲ್ಲಿ:

ಬೀಡಿ ಕಟ್ಟುವವರು 9,000
ಮೀನು ಮಾರುವವರು 12,000
ಜವಳಿ ಅಂಗಡಿಯ ಕೆಲಸದವರು 13,000
ಆಟೋ ಚಾಲಕರು 15,000
ಅಡಿಕೆ ಸುಲಿಯುವವರು 16,000
ಬಡಗಿ 18,000
ಅಡಿಕೆ ಮರ ಏರುವವರು 22,000
ಶಿಕ್ಷಕಿ 45,000
ಮಗ ಗಲ್ಫಿನಲ್ಲಿರುವ ಮನೆ 2,10,000

1. ಸರಾಸರಿ ಮತ್ತು ಮಧ್ಯಾಂಕ ಕಂಡುಹಿಡಿಯಿರಿ. ಸರಾಸರಿಗಿಂತ ಕಡಿಮೆ ಆದಾಯದ ಮನೆಗಳೆಷ್ಟು? (3 ಅಂಕ)

ಉತ್ತರ: ಮೊತ್ತ 3,60,000. ಒಂಬತ್ತರಿಂದ ಭಾಗಿಸಿದರೆ ಸರಾಸರಿ 40,000. ಏರಿಕೆ ಕ್ರಮದಲ್ಲಿ ಐದನೆಯದು 16,000, ಅದೇ ಮಧ್ಯಾಂಕ. ಸರಾಸರಿಗಿಂತ ಕೆಳಗಿರುವ ಮನೆಗಳು ಏಳು.

ಈ ಏಳನ್ನು ಬರೆದು ಮುಂದೆ ಓಡಬೇಡಿ. ಬೀಡಿ ಕಟ್ಟುವ ಅಕ್ಕನ ಜಗಲಿಯಲ್ಲಿ ಕುಳಿತು, 'ಈ ದಾರಿಯ ಮನೆಗಳಿಗೆ ತಿಂಗಳಿಗೆ 40,000 ಬರುತ್ತದೆ' ಎಂದರೆ ಅವರು ಮೊರದಲ್ಲಿನ ಎಲೆಯಿಂದ ತಲೆಯೆತ್ತಿ, 'ಯಾರ ಮನೆಗೆ?' ಎಂದು ಕೇಳುತ್ತಾರೆ. ಸರಿಯಾಗಿ ಅಷ್ಟೇ ಆದಾಯದ ಮನೆ ಆ ದಾರಿಯಲ್ಲಿ ಒಂದೂ ಇಲ್ಲ.

2. ಗಲ್ಫ್ ಮನೆಯ ಆದಾಯ 3,00,000ಕ್ಕೆ ಏರಿತು, ಉಳಿದವರದು ಹಾಗೆಯೇ ಇದೆ. ಎರಡೂ ಅಳತೆಗಳಿಗೆ ಏನಾಗುತ್ತದೆ? (2 ಅಂಕ)

ಉತ್ತರ: ಸರಾಸರಿ 50,000 ಆಗುತ್ತದೆ. ಮಧ್ಯಾಂಕ 16,000ದಲ್ಲೇ ನಿಲ್ಲುತ್ತದೆ, ಏಕೆಂದರೆ ಅದು ನೋಡುವುದು ಸಾಲಿನಲ್ಲಿನ ಸ್ಥಾನವನ್ನು, ತುದಿಯ ಮೊತ್ತವನ್ನಲ್ಲ.

3. ಮೊದಲಿನ ಅಂಕಿಅಂಶಗಳಿಗೆ ಮಾನಕ ವಿಚಲನೆ ಸುಮಾರು 60,900. ಪಿಯರ್ಸನ್ ಸೂತ್ರದಿಂದ ಓರೆತನದ ಗುಣಾಂಕ ಕಂಡುಹಿಡಿದು ಅರ್ಥೈಸಿ. (3 ಅಂಕ)

ಉತ್ತರ: 3 × (40,000 − 16,000) ÷ 60,900 = ಸುಮಾರು 1.18. ಧನ ಓರೆತನ, ಬಾಲ ಬಲಕ್ಕೆ ಚಾಚಿದೆ. ಆದಾಯಕ್ಕೆ ಕೆಳಗೆ ಸೊನ್ನೆಯ ಗೋಡೆ ಇರುವಂತಿದೆ, ಮೇಲಕ್ಕೆ ಮಿತಿಯಿಲ್ಲ. ಆದ್ದರಿಂದ ಆದಾಯದ ವಕ್ರರೇಖೆ ಸಾಮಾನ್ಯವಾಗಿ ಬಲಕ್ಕೇ ಬಾಗುತ್ತದೆ. ಬಾಲ ಚಾಚಿದ ದಿಕ್ಕೇ ಓರೆಯ ದಿಕ್ಕು. ಹೆಚ್ಚು ಮನೆಗಳು ಎಡಕ್ಕೆ ಗುಂಪುಗೂಡಿವೆ ಎಂದು 'ಎಡಕ್ಕೆ ಓರೆ' ಎಂದು ಬರೆದು ಅಂಕ ಕಳೆದುಕೊಳ್ಳುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ.

4. 'ಆದಾಯಕ್ಕೆ ಮಧ್ಯಾಂಕವೇ ಸದಾ ಸರಿ.' ಒಪ್ಪುತ್ತೀರಾ? (4 ಅಂಕ)

ಉತ್ತರ: ಇಲ್ಲ. ಈ ದಾರಿಯ ಸಾಧಾರಣ ಮನೆ ಹೇಗೆ ಬದುಕುತ್ತಿದೆ ಎಂಬ ಪ್ರಶ್ನೆಗೆ ಮಧ್ಯಾಂಕ ಬೇಕು. ಒಟ್ಟು ಎಷ್ಟು ಹಣ ಬರುತ್ತದೆ ಎಂಬುದಕ್ಕೆ ಸರಾಸರಿಯೇ ಬೇಕು: 40,000ವನ್ನು ಒಂಬತ್ತರಿಂದ ಗುಣಿಸಿದರೆ 3,60,000 ಮರಳಿ ಸಿಗುತ್ತದೆ, 16,000ವನ್ನು ಗುಣಿಸಿದರೆ ಸಿಗುವುದು 1,44,000 ಮಾತ್ರ. ಯಾವ ಪ್ರಶ್ನೆಗೆ ಯಾವ ಅಳತೆ ಎಂದು ಕಾರಣ ಕೊಡದೆ ಬರಿಯ 'ಇಲ್ಲ' ಎಂದರೆ ಒಂದೇ ಅಂಕ.