ಹೊಸದಾಗಿ ಸೇರಿದವರಿಗೆ ಸ್ವಾಗತ: ಮೊದಲ ವಾರದ ವೀಡಿಯೊ ಪಠ್ಯ

[ದೃಶ್ಯ: ಬೆಳಗ್ಗೆ ಎಂಟು ಗಂಟೆ. ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದಿಂದ ಇಳಿದು ಬರುವ ಜನ. ನಂತರ ಕಾರ್ಖಾನೆಯ ಮುಖ್ಯ ಗೇಟು. ಸಾಮಾನ್ಯ ಉಡುಗೆಯಲ್ಲಿ, ಗುರುತಿನ ಚೀಟಿ ಧರಿಸಿದ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥೆ ಗೇಟಿನ ಒಳಗೆ ನಿಂತು ಮಾತನಾಡುತ್ತಾರೆ.]

ಮುಖ್ಯಸ್ಥೆ: ನಮಸ್ಕಾರ. ನಮ್ಮ ಕಾರ್ಖಾನೆಗೆ ನಿಮ್ಮೆಲ್ಲರಿಗೂ ಹೃತ್ಪೂರ್ವಕ ಸ್ವಾಗತ. ನಿಮ್ಮಲ್ಲಿ ಕೆಲವರು ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿದ್ದೀರಿ, ಕೆಲವರು ಬೇರೆ ಕಡೆ ಹತ್ತಾರು ವರ್ಷ ದುಡಿದ ಅನುಭವದೊಂದಿಗೆ ಬಂದಿದ್ದೀರಿ. ಲೇತ್ ಮುಂದೆ ನಿಲ್ಲುವವರಿಗೂ ಲೆಕ್ಕಪತ್ರ ವಿಭಾಗದಲ್ಲಿ ಕುಳಿತುಕೊಳ್ಳುವವರಿಗೂ ಈ ವೀಡಿಯೊ ಒಂದೇ. ಮೊದಲ ವಾರದಲ್ಲಿ ನಿಮ್ಮಿಂದ ಯಾವ ಉತ್ಪಾದನೆಯ ಲೆಕ್ಕವನ್ನೂ ನಾವು ಕೇಳುವುದಿಲ್ಲ. ತಿಳಿಯದ್ದನ್ನು ಊಹೆಯ ಮೇಲೆ ಮಾಡದೆ ಕೇಳಿ ಮಾಡಬೇಕು ಎಂಬುದಷ್ಟೇ ಈ ವಾರ ನಿಮ್ಮ ಮೇಲಿರುವ ಹೊಣೆ.

ಈ ಮಾತಿಗೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹೊಸದಾಗಿ ಸೇರಿದ ಒಬ್ಬ ಯುವಕನ ಕೈಗೆ ಬಂದ ಡ್ರಾಯಿಂಗ್‌ನಲ್ಲಿ ಒಂದು ರಂಧ್ರದ ಅಳತೆ ಇದ್ದದ್ದು ಒಂದು ರೀತಿ, ಕಂಪ್ಯೂಟರ್ ಪರದೆಯಲ್ಲಿ ಇದ್ದದ್ದು ಇನ್ನೊಂದು ರೀತಿ. ಗ್ರಾಹಕರು ಹಿಂದಿನ ವಾರವೇ ಡ್ರಾಯಿಂಗ್ ಬದಲಾಯಿಸಿದ್ದರು, ಹಳೆಯ ಪ್ರತಿ ಮಾತ್ರ ಯಂತ್ರದ ಬಳಿಯೇ ಉಳಿದಿತ್ತು. ವ್ಯತ್ಯಾಸ ಅವನ ಕಣ್ಣಿಗೆ ಬಿದ್ದಿತ್ತು. ಆದರೆ ಸೇರಿ ಮೂರು ದಿನವೂ ಆಗದಿರುವಾಗ ಕೇಳಿದರೆ ಏನೂ ಗೊತ್ತಿಲ್ಲದವನು ಎಂದುಕೊಂಡಾರು ಎಂದು ಸುಮ್ಮನಾದ. ಒಂದು ಪಾಳಿಯ ಕೆಲಸವೆಲ್ಲ ಸ್ಕ್ರ್ಯಾಪ್ ಆಯಿತು. ಅಂದು ಅವನ ಎದುರು ಕುಳಿತು ಮಾತನಾಡಿದವಳು ನಾನೇ. ತಪ್ಪು ಅವನದಕ್ಕಿಂತ ನಮ್ಮದೇ ಹೆಚ್ಚಾಗಿತ್ತು. ಆಗ ನಾವು ಹೊಸಬರಿಗೆ ಒಂದೇ ದಿನದಲ್ಲಿ ಇಪ್ಪತ್ತು ಕಾಗದಗಳಿಗೆ ಸಹಿ ಹಾಕಿಸಿ, ಸಂಜೆಯೊಳಗೆ ಯಂತ್ರದ ಮುಂದೆ ನಿಲ್ಲಿಸಿಬಿಡುತ್ತಿದ್ದೆವು. ಪ್ರಶ್ನೆಯನ್ನು ಯಾರ ಬಳಿ ಕೇಳಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಇಂದು ಅವರು ಒಂದು ಪಾಳಿಯ ಸೂಪರ್‌ವೈಸರ್ ಆಗಿದ್ದಾರೆ, ಮತ್ತು ಈಗ ನೀವು ಕಾಣಲಿರುವ ಮೊದಲ ವಾರದ ವ್ಯವಸ್ಥೆಯನ್ನು ರೂಪಿಸಿದ ತಂಡದಲ್ಲಿ ಅವರೂ ಇದ್ದರು.

[ದೃಶ್ಯ: ಸಭಾಕೊಠಡಿ. ಮೇಜಿನ ಮೇಲೆ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿಗಳು.]

ಸೋಮವಾರ ಬೆಳಗ್ಗೆ 8:30ಕ್ಕೆ ನಿಮ್ಮ ದಿನ ಆರಂಭವಾಗುತ್ತದೆ. ಮುಂದೆ ನಿಮಗೆ ಯಾವ ಪಾಳಿ ಬಂದರೂ ಮೊದಲ ವಾರ ಮಾತ್ರ ಎಲ್ಲರೂ ಜನರಲ್ ಶಿಫ್ಟ್‌ನಲ್ಲಿ, ಅಂದರೆ 8:30ರಿಂದ ಸಂಜೆ 5ರವರೆಗೆ ಇರುತ್ತೀರಿ. ಆ ವಾರ ಯಾರಿಗೂ ಓವರ್‌ಟೈಮ್ ಇರುವುದಿಲ್ಲ.

ಬೆಳಗಿನ ಹೊತ್ತು ಕಾಗದಪತ್ರಗಳಿಗೆ ಮೀಸಲು. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ನಮ್ಮ ಕಡೆಯ ಹೆಸರುಗಳಲ್ಲಿ ಇನಿಷಿಯಲ್‌ಗಳದ್ದೇ ಒಂದು ತೊಡಕು ಇರುತ್ತದೆ. ಆಧಾರ್‌ನಲ್ಲಿ ಹೆಸರಿನ ಕೊನೆಗೆ ಎರಡು ಅಕ್ಷರಗಳಿರುತ್ತವೆ, ಪಾನ್‌ನಲ್ಲಿ ಅದೇ ಅಕ್ಷರಗಳು ಊರಿನ ಹೆಸರಾಗಿ, ತಂದೆಯ ಹೆಸರಾಗಿ ಪೂರ್ತಿ ಬಿಡಿಸಿಕೊಂಡಿರುತ್ತವೆ, ಬ್ಯಾಂಕಿನಲ್ಲಿ ಮೂರನೆಯ ರೂಪವೊಂದಿರುತ್ತದೆ. ಇಂದು ಅದು ಸಣ್ಣ ವಿಷಯವೆಂದು ಕಾಣುತ್ತದೆ, ಆದರೆ ಮುಂದೊಂದು ದಿನ ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ಭವಿಷ್ಯನಿಧಿಯಿಂದ ಹಣ ತೆಗೆಯಲು ಹೋದಾಗ ಅರ್ಜಿ ಹಿಂದಿರುಗಿ ಬರುವುದು ಇದೇ ಕಾರಣದಿಂದ. ಆದ್ದರಿಂದ ಮೂರೂ ದಾಖಲೆಗಳನ್ನು ಪಕ್ಕದಲ್ಲಿಟ್ಟು, ಒಂದೊಂದು ಅಕ್ಷರವನ್ನೂ ನಮ್ಮ ಸಿಬ್ಬಂದಿಯ ಜೊತೆ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಅದನ್ನು ಸರಿಪಡಿಸುವ ದಾರಿಯನ್ನು ಅವರೇ ತೋರಿಸುತ್ತಾರೆ, ಅದಕ್ಕಾಗಿ ಅರ್ಧ ದಿನ ಹೊರಗೆ ಹೋಗಬೇಕಾದರೆ ಸಂಬಳ ಕಡಿತವಾಗುವುದಿಲ್ಲ.

ನಿಮ್ಮ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟು ಭವಿಷ್ಯನಿಧಿಗೆ ಹೋಗುತ್ತದೆ, ಸಂಸ್ಥೆಯೂ ಅಷ್ಟೇ ಪ್ರಮಾಣವನ್ನು ಸೇರಿಸುತ್ತದೆ, ಅದರಲ್ಲಿ ಒಂದು ಭಾಗ ಪಿಂಚಣಿ ಯೋಜನೆಗೆ ಸಲ್ಲುತ್ತದೆ. ಈ ಮೊದಲು ಬೇರೆಡೆ ಕೆಲಸ ಮಾಡಿದ್ದರೆ ನಿಮ್ಮ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ. ಕೆಲಸ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ತಿಂಗಳ ವೇತನ 21,000 ರೂಪಾಯಿಯವರೆಗೆ ಇರುವವರು ನೌಕರರ ಚಿಕಿತ್ಸೆಗೆ ನೆರವಾಗುವ ಸರ್ಕಾರಿ ವಿಮೆಯಾದ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಅದರಲ್ಲಿ ನಿಮ್ಮ ಪಾಲು ಶೇ 0.75, ಸಂಸ್ಥೆಯ ಪಾಲು ಶೇ 3.25. ಹೆಂಡತಿ, ಗಂಡ, ಮಕ್ಕಳು ಮತ್ತು ನಿಮ್ಮನ್ನೇ ಅವಲಂಬಿಸಿದ ತಂದೆತಾಯಿಯರ ಹೆಸರನ್ನು ಅಂದೇ ಸೇರಿಸಿ. ಕಾಯಿಲೆ ಬಂದ ಮೇಲೆ ಸೇರಿಸೋಣವೆಂದು ಮುಂದೂಡಿದವರು ಪಟ್ಟ ಪಾಡನ್ನು ನಾನು ಕಣ್ಣಾರೆ ನೋಡಿದ್ದೇನೆ.

[ದೃಶ್ಯ: ಶಾಪ್ ಫ್ಲೋರ್. ಹಳದಿ ಗೆರೆಗಳ ನಡುವಿನ ದಾರಿ. ಸುರಕ್ಷತಾ ಅಧಿಕಾರಿ ಹೊಸಬರ ಗುಂಪಿನೊಂದಿಗೆ.]

ಮಧ್ಯಾಹ್ನದ ಊಟದ ನಂತರ ಸುರಕ್ಷತೆಯ ತರಬೇತಿ. ಕಚೇರಿಯಲ್ಲಿ ಕೆಲಸ ಮಾಡುವವರಿಗೂ ಇದು ಕಡ್ಡಾಯ, ಏಕೆಂದರೆ ಒಂದಲ್ಲ ಒಂದು ದಿನ ಅವರೂ ಶಾಪ್ ಫ್ಲೋರ್‌ಗೆ ಬರುತ್ತಾರೆ. ಸೇಫ್ಟಿ ಶೂ ಮತ್ತು ಕನ್ನಡಕವಿಲ್ಲದೆ ಹಳದಿ ಗೆರೆ ದಾಟುವಂತಿಲ್ಲ. ತಿರುಗುವ ಯಂತ್ರದ ಬಳಿ ಕೈಗವಸು ಹಾಕಬಾರದು ಎಂಬ ನಿಯಮ ಕೆಲವರಿಗೆ ವಿಚಿತ್ರವೆನಿಸಬಹುದು, ಆದರೆ ಬಟ್ಟೆಯ ಒಂದು ಎಳೆ ಸ್ಪಿಂಡಲ್‌ಗೆ ಸಿಕ್ಕಿದರೆ ಅದು ಕೈಯನ್ನೇ ಎಳೆದುಕೊಳ್ಳುತ್ತದೆ. ಬಳೆ, ಉಂಗುರ, ಸಡಿಲ ತೋಳು, ಜೋತುಬಿದ್ದ ದುಪಟ್ಟಾ, ಗುರುತಿನ ಚೀಟಿಯ ದಾರ ಎಲ್ಲಕ್ಕೂ ಇದೇ ಕಾರಣ ಅನ್ವಯಿಸುತ್ತದೆ. ಮೈಮೇಲಿನ ಲೋಹದ ಚೂರನ್ನು ಗಾಳಿಯ ಪೈಪಿನಿಂದ ಊದಿಕೊಳ್ಳಬೇಡಿ. ಪ್ರತಿ ಯಂತ್ರದ ಮೇಲೂ ಹಳದಿ ಹಿನ್ನೆಲೆಯಲ್ಲಿ ಕೆಂಪು ಗುಂಡಿ ಇದೆ. ಅಪಾಯವೆನಿಸಿದರೆ ಯಾರು ಬೇಕಾದರೂ ಅದನ್ನು ಒತ್ತಬಹುದು, ಅನುಮಾನದಿಂದ ಒತ್ತಿ ಯಂತ್ರ ನಿಂತದ್ದಕ್ಕೆ ಈ ಕಾರ್ಖಾನೆಯಲ್ಲಿ ಯಾರನ್ನೂ ಬೈಯುವುದಿಲ್ಲ.

[ದೃಶ್ಯ: ಸ್ಟೋರ್ಸ್‌ನಲ್ಲಿ ಉಕ್ಕಿನ ಸರಳುಗಳು. ಒಂದು ಜಾಬ್ ಕಾರ್ಡ್‌ನ ಸಮೀಪ ನೋಟ.]

ಮಂಗಳವಾರ ಮತ್ತು ಬುಧವಾರ ನೀವು ತಂಡಗಳನ್ನು ಪರಿಚಯ ಮಾಡಿಕೊಳ್ಳುವಿರಿ. ವಿಭಾಗಗಳ ಚಿತ್ರಪಟವನ್ನು ಗೋಡೆಯ ಮೇಲೆ ತೋರಿಸಿ ಮುಗಿಸುವ ಬದಲು, ಒಂದು ಬಿಡಿಭಾಗದ ಕೆಲಸದ ಹಂತಗಳನ್ನು ಬರೆದಿರುವ ಜಾಬ್ ಕಾರ್ಡನ್ನು ನಿಮ್ಮ ಕೈಗೆ ಕೊಟ್ಟು, ಆ ಬಿಡಿಭಾಗ ಹೋಗುವ ದಾರಿಯಲ್ಲೇ ನಿಮ್ಮನ್ನು ಕರೆದೊಯ್ಯುತ್ತೇವೆ. ಹೈಡ್ರಾಲಿಕ್ ವಾಲ್ವಿನ ಬಾಡಿಯೊಂದು ಮಾರಾಟ ವಿಭಾಗದಲ್ಲಿ ಆರ್ಡರ್ ಆಗಿ ಹುಟ್ಟುತ್ತದೆ, ವಿನ್ಯಾಸ ವಿಭಾಗದಲ್ಲಿ ಅದರ ಡ್ರಾಯಿಂಗ್ ಪರಿಶೀಲನೆಯಾಗುತ್ತದೆ, ಖರೀದಿಯವರು ಉಕ್ಕು ತರಿಸುತ್ತಾರೆ, ಸ್ಟೋರ್ಸ್‌ನವರು ಅದನ್ನು ತೂಗಿ ಬಣ್ಣ ಹಚ್ಚಿ ಗುರುತಿಡುತ್ತಾರೆ, ಯೋಜನಾ ವಿಭಾಗ ಯಂತ್ರ ಮತ್ತು ಪಾಳಿಯನ್ನು ಗೊತ್ತುಮಾಡುತ್ತದೆ, ಅಲ್ಲಿಂದ ಅದು ಉತ್ಪಾದನೆಗೆ ಬರುತ್ತದೆ.

[ದೃಶ್ಯ: ಇನ್ಸ್‌ಪೆಕ್ಷನ್ ಕೊಠಡಿ. ಗ್ರಾನೈಟ್ ಮೇಜಿನ ಮೇಲೆ ಪ್ಲಗ್ ಗೇಜ್.]

ಇನ್ಸ್‌ಪೆಕ್ಷನ್ ಕೊಠಡಿಯಲ್ಲಿ ನೀವು ಹೆಚ್ಚು ಹೊತ್ತು ನಿಲ್ಲಬೇಕೆಂಬುದು ನನ್ನ ಆಸೆ. ಒಳಗೆ ಹೋದ ಕೂಡಲೇ ತಂಪು ಎನಿಸುತ್ತದೆ. ಅಳತೆಗೆ ಜಗತ್ತಿನಾದ್ಯಂತ ಒಪ್ಪಿಕೊಂಡ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್, ಬಿಸಿಯಾದ ಲೋಹ ಹಿಗ್ಗುವುದರಿಂದ ಯಂತ್ರದಿಂದ ಆಗಷ್ಟೇ ಇಳಿಸಿದ ಭಾಗವನ್ನು ಸ್ವಲ್ಪ ಹೊತ್ತು ಇಲ್ಲಿಟ್ಟು, ತಣಿದ ನಂತರವೇ ಅಳೆಯುತ್ತಾರೆ. ಪ್ಲಗ್ ಗೇಜನ್ನು ನಿಮ್ಮ ಕೈಯಲ್ಲೇ ಹಿಡಿದು ನೋಡಿ. ಅದರ ಒಂದು ತುದಿ ರಂಧ್ರದೊಳಗೆ ಸರಾಗವಾಗಿ ಇಳಿಯಬೇಕು, ಕೆಂಪು ಗುರುತಿನ ಇನ್ನೊಂದು ತುದಿ ಇಳಿಯಬಾರದು. ಆ ಎರಡು ತುದಿಗಳ ವ್ಯತ್ಯಾಸ ಕೆಲವು ಕೆಲಸಗಳಲ್ಲಿ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಬಿಲ್ ಬರೆಯುವವರೂ ಇದನ್ನು ಒಮ್ಮೆ ಮುಟ್ಟಿ ನೋಡಿದ್ದರೆ, ಒಂದು ಸರಕು ಎರಡು ದಿನ ಏಕೆ ತಡವಾಯಿತೆಂದು ಗ್ರಾಹಕರಿಗೆ ಹೇಳುವಾಗ ಅವರ ಮಾತಿಗೆ ತೂಕ ಬರುತ್ತದೆ.

ಇಲ್ಲಿಂದ ಪ್ಯಾಕಿಂಗ್, ರವಾನೆ, ಲೆಕ್ಕಪತ್ರ. ಇವೆಲ್ಲದರ ಜೊತೆಗೆ ಯಂತ್ರಗಳನ್ನು ನೋಡಿಕೊಳ್ಳುವ ನಿರ್ವಹಣಾ ವಿಭಾಗ ಮತ್ತು ಕಂಪ್ಯೂಟರ್ ವಿಭಾಗ. ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಸ್ವಂತ ತಂಡದ ಹೊರಗಿನ ಒಬ್ಬ ಅನುಭವಿ ಸಹೋದ್ಯೋಗಿಯನ್ನು ಜೊತೆಗಾರರಾಗಿ ಗೊತ್ತುಮಾಡಿದ್ದೇವೆ. ಪ್ರತಿದಿನ ಸಂಜೆ 4:30ಕ್ಕೆ ಅವರು ಕಾಲು ಗಂಟೆ ನಿಮ್ಮ ಪ್ರಶ್ನೆಗಳಿಗಾಗಿಯೇ ಬಿಡುವು ಮಾಡಿಕೊಂಡಿರುತ್ತಾರೆ. ನಿಮ್ಮ ಮೇಲಧಿಕಾರಿಯನ್ನು ಕೇಳಲು ಸಂಕೋಚವಾಗುವ ಪ್ರಶ್ನೆಗಳನ್ನು ಅಲ್ಲಿ ಕೇಳಿ. ಆ ಮಾತುಕತೆಯ ವರದಿ ಯಾರಿಗೂ ಹೋಗುವುದಿಲ್ಲ.

[ದೃಶ್ಯ: ಕಂಪ್ಯೂಟರ್ ಪರದೆ. ಹಾಜರಾತಿ ಯಂತ್ರದ ಮುಂದೆ ಸಾಲು.]

ಗುರುವಾರ ನಿಮ್ಮ ಸ್ವಂತ ಜಾಗಕ್ಕೆ ಬರುತ್ತೀರಿ, ದಿನವೂ ಬಳಸುವ ಸಾಧನಗಳನ್ನು ಆ ದಿನ ಕಲಿಯುತ್ತೀರಿ. ಗೇಟಿನ ಬಳಿಯ ಹಾಜರಾತಿ ಯಂತ್ರದಲ್ಲಿ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಬೆರಳಿಡಬೇಕು. ಕೂಲಂಟ್ ತಗುಲಿ ಬೆರಳಿನ ಗುರುತು ಸವೆದವರಿಗೆ ಕಾರ್ಡ್ ಕೊಡುತ್ತೇವೆ. ರಜೆ, ಸಂಬಳ ಚೀಟಿ, ತೆರಿಗೆ ವಿವರಗಳಿಗೆ ಸಿಬ್ಬಂದಿ ಪೋರ್ಟಲ್ ಇದೆ, ಅದು ಮೊಬೈಲಿನಲ್ಲಿ ಕನ್ನಡದಲ್ಲೂ ತೆರೆಯುತ್ತದೆ.

ಸರಕು, ಜಾಬ್ ಕಾರ್ಡ್, ತಪಾಸಣೆಯ ಲೆಕ್ಕ ಎಲ್ಲವೂ ಇಆರ್‌ಪಿ ತಂತ್ರಾಂಶದಲ್ಲಿವೆ. ಡ್ರಾಯಿಂಗ್‌ನ ಇತ್ತೀಚಿನ ರೂಪವೂ ಅಲ್ಲೇ ಇರುತ್ತದೆ. ಕೆಲಸ ಆರಂಭಿಸುವ ಮುನ್ನ ಕಾಗದದ ಬಲಬದಿಯ ಕೆಳಮೂಲೆಯಲ್ಲಿರುವ ರಿವಿಷನ್ ಅಕ್ಷರವನ್ನು ಪರದೆಯ ಮೇಲಿನ ಅಕ್ಷರದೊಂದಿಗೆ ಹೋಲಿಸಿ ನೋಡಿ. ಎರಡೂ ಹೊಂದದಿದ್ದರೆ ಯಂತ್ರ ಶುರು ಮಾಡಬೇಡಿ, ಸೂಪರ್‌ವೈಸರ್‌ರನ್ನು ಕರೆಯಿರಿ. ನಾನು ಆರಂಭದಲ್ಲಿ ಹೇಳಿದ ನಷ್ಟ ಆ ಒಂದು ಅಕ್ಷರದಿಂದ ಆದದ್ದು.

ಡ್ರಾಯಿಂಗ್‌ಗಳು ಗ್ರಾಹಕರ ಸ್ವತ್ತು. ಅನುಮಾನ ಪರಿಹಾರಕ್ಕೆಂದು ಕೂಡ ಅವುಗಳ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬೇಡಿ, ಅದಕ್ಕೆ ಸಂಸ್ಥೆಯ ಇಮೇಲ್ ಇದೆ. ಪಾಸ್‌ವರ್ಡ್ ಆಗಲಿ ಒಟಿಪಿ ಆಗಲಿ ನಮ್ಮ ವಿಭಾಗದವರು ಎಂದಿಗೂ ಕೇಳುವುದಿಲ್ಲ. ಸಂಬಳದ ಬ್ಯಾಂಕ್ ಖಾತೆ ಬದಲಾಯಿಸಿ ಎಂಬ ಇಮೇಲ್ ನಮ್ಮ ಹೆಸರಿನಲ್ಲೇ ಬಂದರೂ ತೆರೆಯದೆ, ನೇರವಾಗಿ ಮೊದಲ ಮಹಡಿಗೆ ಬಂದು ವಿಚಾರಿಸಿ.

[ದೃಶ್ಯ: ಮುಖ್ಯಸ್ಥೆ ತಮ್ಮ ಕೊಠಡಿಯಲ್ಲಿ. ಹಿಂದಿನ ಗೋಡೆಯ ಮೇಲೆ ಆಂತರಿಕ ಸಮಿತಿಯ ಸದಸ್ಯರ ವಿವರಗಳ ಫಲಕ.]

ಶುಕ್ರವಾರ ಬೆಳಗ್ಗೆ ಒಂದು ಗಂಟೆ ಗೌರವಯುತ ವರ್ತನೆಯ ಬಗ್ಗೆ ಮಾತನಾಡುತ್ತೇವೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ನಮ್ಮಲ್ಲಿ ಆಂತರಿಕ ಸಮಿತಿ ಇದೆ. ಹಿರಿಯ ಮಹಿಳಾ ಸಿಬ್ಬಂದಿಯೊಬ್ಬರು ಅದರ ಅಧ್ಯಕ್ಷರು, ಹೊರಗಿನ ಸದಸ್ಯರೊಬ್ಬರೂ ಇದ್ದಾರೆ. ಕಾಯಂ ನೌಕರರಿಗಷ್ಟೇ ಅಲ್ಲದೆ ತರಬೇತಿಯಲ್ಲಿರುವವರಿಗೂ ಗುತ್ತಿಗೆಯ ಮೇಲೆ ಬಂದವರಿಗೂ ಇದರ ರಕ್ಷಣೆ ಇದೆ, ಸಂಸ್ಥೆಯ ಬಸ್ಸಿನಲ್ಲಿ ನಡೆದದ್ದೂ ಇದರ ವ್ಯಾಪ್ತಿಗೆ ಬರುತ್ತದೆ. ಘಟನೆಯ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಬರೆಯಲು ಕಷ್ಟವಾದರೆ ಸಮಿತಿಯವರೇ ನೆರವಾಗುತ್ತಾರೆ. ದೂರು ಕೊಟ್ಟ ಕಾರಣಕ್ಕೆ ಯಾರ ಪಾಳಿಯನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ಬದಲಾಯಿಸಲು ನಾನು ಬಿಡುವುದಿಲ್ಲ.

ಉಳಿದ ದಿನವೆಲ್ಲ ನೀವು ನಿಮ್ಮ ತಂಡದೊಂದಿಗೇ ಇರುತ್ತೀರಿ. ಶನಿವಾರ ಬೆಳಗ್ಗೆ ಒಬ್ಬೊಬ್ಬರಾಗಿ ನನ್ನ ಕೊಠಡಿಗೆ ಬರುತ್ತೀರಿ, ತಲಾ ಇಪ್ಪತ್ತು ನಿಮಿಷ. ವಾರದಲ್ಲಿ ಅರ್ಥವಾಗದೆ ಉಳಿದ ಮೂರು ವಿಷಯಗಳನ್ನು ಬರೆದುಕೊಂಡು ಬನ್ನಿ. ನೀವು ಗದಗದಿಂದ ಬಂದವರಿರಬಹುದು, ಒಡಿಶಾದಿಂದ ಬಂದವರಿರಬಹುದು, ನಿಮಗೆ ಸುಲಭವಾದ ಭಾಷೆಯಲ್ಲೇ ಬರೆಯಿರಿ, ಓದಿ ಹೇಳುವವರನ್ನು ನಾವು ಕರೆಸಿಕೊಳ್ಳುತ್ತೇವೆ.

[ದೃಶ್ಯ: ಕ್ಯಾಂಟೀನ್. ಸ್ಟೀಲ್ ಲೋಟಗಳಲ್ಲಿ ಕಾಫಿ. ಪರದೆಯ ಮೇಲೆ ಸೋಮವಾರದ ವಿವರಗಳು ಮೂಡುತ್ತವೆ.]

ಸೋಮವಾರ ಬೆಳಗ್ಗೆ 8:15ಕ್ಕೆ ಗೇಟಿನ ಎಡಬದಿಯ ಭದ್ರತಾ ಕೊಠಡಿಗೆ ಬನ್ನಿ. ಮೂಲ ದಾಖಲೆಗಳು, ಎರಡು ಭಾವಚಿತ್ರ, ಮತ್ತು ಶೂ ಅಳತೆ ನಿಮ್ಮ ಬಳಿ ಇರಲಿ. ಕ್ಯಾಂಟೀನಿನಲ್ಲಿ ತಿಂಡಿ ಸಿದ್ಧವಿರುತ್ತದೆ. ನಿಮ್ಮ ಜೊತೆಗಾರರು ನಿಮ್ಮ ಹೆಸರು ಬರೆದ ಹಲಗೆ ಹಿಡಿದು ಅಲ್ಲೇ ಕಾಯುತ್ತಿರುತ್ತಾರೆ.