ಅನ್ನ ಮತ್ತು ಸಕ್ಕರೆ ಕಾಯಿಲೆ: ಟಿಪ್ಪಣಿ ಸಹಿತ ಗ್ರಂಥಸೂಚಿ

ಪಥ್ಯಶಾಸ್ತ್ರ ಕೋರ್ಸು, ಎರಡನೇ ವರ್ಷ, ಮುಂಬೈ

ನನ್ನ ಪ್ರಶ್ನೆ: ಮಾಟುಂಗಾದ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ನಡುವಯಸ್ಸಿನವರಿಗೆ ಅನ್ನದ ಬಗ್ಗೆ ಏನು ಸಲಹೆ ಕೊಡಬಹುದು? ನನ್ನಪ್ಪನೂ ಅವರಲ್ಲೊಬ್ಬರು. ‘ಅನ್ನ ಬಿಡಿ’ ಎಂದು ಸುಮ್ನೆ ಹೇಳಿ ಕಳಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ಮಾತಿಗೆ ಆಧಾರ ಎಷ್ಟಿದೆ ಎಂದು ನೋಡಲು ಈ ನಾಲ್ಕನ್ನು ಓದಿದೆ.

ಹೂ ಮತ್ತು ಇತರರು, 2012, ಬಿಎಂಜೆ.
ಏಳು ಸಮೂಹ ಅಧ್ಯಯನಗಳನ್ನು ಕೂಡಿಸಿದ ಮೆಟಾ-ಅನಾಲಿಸಿಸ್. ಒಟ್ಟು 3,52,384 ಜನ. ಬಿಳಿ ಅನ್ನ ಜಾಸ್ತಿ ತಿನ್ನುವ ಏಷ್ಯಾದವರಲ್ಲಿ ಅಪಾಯ 1.55 ಪಟ್ಟು. ಪಾಶ್ಚಾತ್ಯರಲ್ಲಿ 1.12, ಅದೂ ಖಚಿತವಲ್ಲ. ಕೆಲಸ ಅಚ್ಚುಕಟ್ಟಾಗಿದೆ. ಆದರೆ ಇಲ್ಲಿ ‘ಏಷ್ಯಾ’ ಅಂದರೆ ಚೀನಾ, ಜಪಾನ್ ಅಷ್ಟೇ. ಭಾರತದ ಒಬ್ಬರೂ ಇಲ್ಲ. ಹಿನ್ನೆಲೆಗೆ ಮಾತ್ರ ಬಳಸುತ್ತೇನೆ.

ಭವಧಾರಿಣಿ ಮತ್ತು ಇತರರು, 2020, ಡಯಾಬಿಟಿಸ್ ಕೇರ್.
ಪ್ಯೂರ್ ಅಧ್ಯಯನದ ಭಾಗ. 21 ದೇಶಗಳ 1,32,373 ಜನರನ್ನು ಸರಾಸರಿ 9.5 ವರ್ಷ ಹಿಂಬಾಲಿಸಿದ್ದಾರೆ. ದಿನಕ್ಕೆ 450 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಅನ್ನ ತಿನ್ನುವವರನ್ನು 150 ಗ್ರಾಂಗಿಂತ ಕಡಿಮೆ ತಿನ್ನುವವರ ಜೊತೆ ಹೋಲಿಸಿದಾಗ ದಕ್ಷಿಣ ಏಷ್ಯಾದಲ್ಲಿ ಅಪಾಯ 1.61 ಪಟ್ಟು. ಚೀನಾದಲ್ಲಿ ಅಂಥ ಸಂಬಂಧ ಕಾಣಲಿಲ್ಲ, ಅಂದರೆ ಹಿಂದಿನ ಲೇಖನಕ್ಕೂ ಇದಕ್ಕೂ ಪೂರ್ತಿ ಹೊಂದುವುದಿಲ್ಲ. ನಮ್ಮವರಿಗೆ ಹತ್ತಿರ ಇದೇ. ಆದರೂ ಎರಡು ಕೊರತೆ ಕಾಡುತ್ತವೆ. ಊಟದ ಲೆಕ್ಕವನ್ನು ಶುರುವಿನಲ್ಲಿ ಪ್ರಶ್ನಾವಳಿಯಿಂದ ತೆಗೆದುಕೊಂಡಿದ್ದಾರೆ. ಒಂಬತ್ತು ವರ್ಷದಲ್ಲಿ ತಟ್ಟೆ ಬದಲಾಗುತ್ತದೆ ಅಲ್ವಾ? ಇನ್ನೊಂದು, ಇದು ಬಿಳಿ ಅಕ್ಕಿಯ ಮಾತು. ಅಪ್ಪ ಉಣ್ಣುವುದು ಕೆಂಪು ಕುಚಲಕ್ಕಿ ಗಂಜಿ. ಈ ಅಂಕಿಯನ್ನು ಅದಕ್ಕೆ ಹಚ್ಚಲು ನನಗೆ ಮನಸ್ಸಿಲ್ಲ.

ಅಂಜನಾ ಮತ್ತು ಇತರರು, 2023, ಲ್ಯಾನ್ಸೆಟ್ ಡಯಾಬಿಟಿಸ್ ಅಂಡ್ ಎಂಡೊಕ್ರೈನಾಲಜಿ.
ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ, 1,13,043 ಜನ. ದೇಶದಲ್ಲಿ ಸಕ್ಕರೆ ಕಾಯಿಲೆ 11.4%, ಗೋವಾದಲ್ಲಿ 26.4%. ರಕ್ತ ಪರೀಕ್ಷೆ ಮಾಡಿದ್ದರಿಂದ ಅಂಕಿ ಗಟ್ಟಿ. ಆದರೆ ಒಮ್ಮೆ ಮಾತ್ರ ಅಳೆದದ್ದು, ಕಾರಣ ಹೇಳುವುದಿಲ್ಲ. ರಾಜ್ಯಗಳನ್ನು 2008ರಿಂದ 2020ರ ನಡುವೆ ಬೇರೆ ಬೇರೆ ಹೊತ್ತಿನಲ್ಲಿ ನೋಡಿದ್ದಾರೆ, ಹಾಗಾಗಿ ಹೋಲಿಸುವಾಗ ಎಚ್ಚರ ಬೇಕು. ಪೀಠಿಕೆಗೆ ಸಾಕು.

ರಾಮಚಂದ್ರನ್ ಮತ್ತು ಇತರರು, 2006, ಡಯಾಬಿಟಾಲಜಿಯಾ.
ನಾಲ್ಕರಲ್ಲಿ ಇದೊಂದೇ ಯಾದೃಚ್ಛಿಕ ಪ್ರಯೋಗ. ಸಕ್ಕರೆ ಗಡಿಯಲ್ಲಿದ್ದ 531 ಜನ, ನಾಲ್ಕು ಗುಂಪು, ಸುಮಾರು 30 ತಿಂಗಳು. ಏನೂ ಮಾಡದ ಗುಂಪಿನಲ್ಲಿ 55% ಜನರಿಗೆ ಕಾಯಿಲೆ ಬಂತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ 39.3%. ಮಾತ್ರೆ ಸೇರಿಸಿದರೂ ಇದಕ್ಕಿಂತ ಹೆಚ್ಚಿನ ಲಾಭ ಸಿಗಲಿಲ್ಲ. ಜೀವನಕ್ರಮದ ಸಲಹೆಯನ್ನು ಗುಟ್ಟಾಗಿ ಕೊಡಲಾಗದು, ಆ ಮಿತಿ ಇದ್ದೇ ಇದೆ. ಊಟದ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದೂ ಬಿಡಿಸಲಾಗದು. ಭಾಗವಹಿಸಿದವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು, ನನ್ನ ಪ್ರಶ್ನೆಗೆ ಅದು ಅನುಕೂಲವೇ. ಮೈಮುರಿದು ದುಡಿಯುವವರಿಗೆ ಹೊಸ ವ್ಯಾಯಾಮ ಹೇರದೆ, ಮಾಡುತ್ತಿದ್ದುದನ್ನೇ ಮುಂದುವರಿಸಲು ಹೇಳಿದ್ದರು. ಅಡುಗೆಮನೆಯಲ್ಲಿ ದಿನವಿಡೀ ನಿಂತಿರುವವರಿಗೆ ಸಲಹೆ ಬರೆಯುವಾಗ ನಾನು ಮೊದಲು ತೆರೆಯುವುದು ಈ ಲೇಖನವನ್ನೇ.